ಬಾಬೆಯ ಮೊದಲ ಬಿಸು

ಮಗಳೇ, ಅಳಿಯಂದಿರೇ,

ಬಿಸು ಕಳೆದು ಮೂರು ದಿನವಾಯಿತು. ಅಳಿಯಂದಿರು ಬೆಂಗಳೂರಿಗೆ ಮುಟ್ಟಿಯೂ ಆಯಿತು. ಗದ್ದೆಯಾಚೆ ನಿಮ್ಮ ಮನೆಯಲ್ಲಿ ಬಾಬೆ ಅಳುವುದು ನನ್ನ ಜಗಲಿವರೆಗೂ ಕೇಳುತ್ತಿದೆ. ಅಳಲಿ, ಕೇಳುವುದಕ್ಕೆ ಚೆಂದವೇ ಇದೆ. ನಾನು ಇಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೇ ಒಂದು ಬುದ್ಧಿಮಾತು ಇಲ್ಲ. ಬಾಬೆ ಹುಟ್ಟಿದಂದಿನಿಂದ ನಿಮಗೆ ಬುದ್ಧಿ ಹೇಳದವರು ಅಂದರೆ ಹಟ್ಟಿಯ ದನ ಒಂದೇ. ಹಾಲು ತರುವ ಹುಡುಗನೂ ಹೇಳಿ ಹೋದ, ಅವನಿಗಿನ್ನೂ ಮದುವೆಯೇ ಆಗಿಲ್ಲ. ಹಾಗಾಗಿ ನಾನು ಬರೀ ನಡೆದದ್ದನ್ನು ಬರೆಯುತ್ತೇನೆ. ಆ ಬೆಳಿಗ್ಗೆ ನೀವಿಬ್ಬರೂ ಅರ್ಧ ನಿದ್ದೆಯಲ್ಲಿದ್ದಿರಿ. ಹಿಂದಿನ ರಾತ್ರಿ ಏನೇನಾಯಿತು ಅಂತ ನಿಮಗೆ ಗೊತ್ತೇ ಇಲ್ಲ. ನಾನು ಎಲ್ಲ ನೋಡಿದ್ದೇನೆ.

ಬಾಬೆಯ ಮೊದಲ ಹಬ್ಬ ಯಾವುದು ಅಂತ ಎರಡು ಮನೆಯಲ್ಲೂ ಲೆಕ್ಕ ನಡೆದಿತ್ತು, ನೆನಪಿದೆಯಲ್ಲ? ಅಳಿಯಂದಿರದ್ದು ಮೈಸೂರು ಕಡೆ. ಅವರಿಗೆ ವರ್ಷದ ಮೊದಲ ಹಬ್ಬ ಚಾಂದ್ರಮಾನ ಯುಗಾದಿ, ಬೇವು ಬೆಲ್ಲ. ಅದು ಮಾರ್ಚ್ 19ಕ್ಕೆ ಬಂತು. ಬಾಬೆ ಬಂದದ್ದು 20ಕ್ಕೆ. ಒಂದೇ ದಿನಕ್ಕೆ ತಪ್ಪಿಹೋಯಿತು ಅಂತ ಬೀಗಿತ್ತಿಯವರು ಫೋನಿನಲ್ಲಿ ಎಷ್ಟು ಸಲ ಹೇಳಿದರೋ. ಆಮೇಲೆ ರಾಮನವಮಿ ಬಂತು, ಆದರೆ ಅದು ಪುರುಡಿನಲ್ಲೇ ಕಳೆದುಹೋಯಿತು. ದೇವರ ಕೋಣೆಗೆ ಯಾರೂ ಕಾಲಿಡುವ ಹಾಗಿರಲಿಲ್ಲ. ಉಳಿದದ್ದು ಬಿಸು. ಪಗ್ಗು ತಿಂಗಳ ಮೊದಲ ದಿನ, ನಮ್ಮ ಕಾಸರಗೋಡಿನವರ ವರ್ಷಾರಂಭ. ನಾವು ಗೆದ್ದೆವು ಅಂತ ನಿನ್ನ ಅಮ್ಮ ಒಳಗೊಳಗೇ ಖುಷಿಪಟ್ಟದ್ದು ನನಗೆ ಗೊತ್ತು. ಅವಳು ನನ್ನ ತಂಗಿ, ಅವಳ ಮುಖ ನನಗೆ ಓದಲಿಕ್ಕೆ ಬರುವುದಿಲ್ವಾ?

ನನಗೆ ಮಾತ್ರ ಇನ್ನೊಂದು ಖುಷಿ ಇತ್ತು. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವಳಿಗೆ ಇಂಥದ್ದು ಕಣ್ಣಿಗೆ ಬೀಳದೆ ಇರುತ್ತದಾ! ಬಿಸು, ವಿಷು ಅಂದರೆ ವಿಷುವ. ಸಮ ಅಂತ ಅರ್ಥ. ಹಗಲು ರಾತ್ರಿ ಸಮವಾಗುವ ದಿನ. ಆದರೆ ಏಪ್ರಿಲ್ ನಡುವಿನಲ್ಲಿ ಹಗಲು ರಾತ್ರಿ ಸಮ ಇರುವುದಿಲ್ಲ, ಹಗಲು ಆಗಲೇ ಉದ್ದವಾಗಿರುತ್ತದೆ. ನಿಜವಾಗಿ ಸಮ ಆಗುವುದು ಮಾರ್ಚ್ 20ಕ್ಕೋ 21ಕ್ಕೋ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು. ಆಮೇಲೆ ಬೇರೆಯಾದವು. ತಿರುಗುವ ಬುಗುರಿ ವಾಲಾಡುವ ಹಾಗೆ ಭೂಮಿಯ ಅಕ್ಷ ಮೆಲ್ಲಗೆ ದಿಕ್ಕು ಬದಲಿಸುತ್ತಾ ಹೋಗುತ್ತದೆ. 72 ವರ್ಷಕ್ಕೆ ಒಂದು ದಿನದಷ್ಟು ವ್ಯತ್ಯಾಸ. ನಮ್ಮ ಪಂಚಾಂಗ ನಕ್ಷತ್ರಗಳನ್ನು ನೋಡಿ ಮೇಷ ಸಂಕ್ರಮಣ ಲೆಕ್ಕ ಹಾಕುತ್ತದೆ, ಹಾಗಾಗಿ ಬಿಸು ಸರಿದು ಸರಿದು ಏಪ್ರಿಲ್‌ಗೆ ಬಂದು ನಿಂತಿದೆ. ಅಂದರೆ ಬಾಬೆ ಹುಟ್ಟಿದ್ದೇ ಹಳೇ ಬಿಸುವಿನ ದಿನ! ಹೊಸ ಬಿಸುವಿಗೆ ಅದಕ್ಕೆ 26 ದಿನ. ಈ ಮಾತನ್ನು ಆಸ್ಪತ್ರೆಯಲ್ಲೇ ಹೇಳಬೇಕು ಅಂತ ಬಂದಿದ್ದೆ. ಆದರೆ ನೀನು ಆಗ ಇದ್ದ ಸ್ಥಿತಿ ನೋಡಿ ಸುಮ್ಮನಾದೆ.

ಈ ಸಲ ಸಂಕ್ರಮಣ 14ರ ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೆ ಆಯಿತು. ಕಣಿ ಅಂದರೆ ಬಿಸುವಿನ ದಿನ ಎದ್ದ ಕೂಡಲೇ ಮೊದಲು ನೋಡಲೆಂದು ಜೋಡಿಸಿಟ್ಟ ಮಂಗಳ ವಸ್ತುಗಳು, ಅದನ್ನು ನೋಡುವುದು ಸೂರ್ಯ ಹುಟ್ಟುವ ಮೊದಲು. ಹಾಗಾಗಿ ಬಿಸು 15ಕ್ಕೆ. ಅಳಿಯಂದಿರು 14ಕ್ಕೇ ಹಬ್ಬ ಅಂತ ತಿಳಿದು ಹಿಂದಿನ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸಿ, ಹಬ್ಬಕ್ಕಿಂತ ಒಂದು ದಿನ ಮೊದಲೇ ಕಾಸರಗೋಡಿನಲ್ಲಿ ಇಳಿದದ್ದು ನಮಗೆ ಬಹಳ ಒಳ್ಳೆಯದಾಯಿತು. ಕೊನ್ನೆ ಹೂ ತರಲು ಒಬ್ಬ ಎತ್ತರದ ಮನುಷ್ಯ ಬೇಕಿತ್ತು.

ಮೈಸೂರಿನಲ್ಲಿ ಕಕ್ಕೆ ಅನ್ನುತ್ತಾರೆ, ನಮಗದು ಕೊನ್ನೆ. ಕೊನ್ನೆ ಇಲ್ಲದೆ ಕಣಿ ಇಲ್ಲ. ನಮ್ಮ ಗುಡ್ಡೆಯ ಬದಿಯ ಮರ ಈ ವರ್ಷ ಅವಸರ ಮಾಡಿತು. ಫೆಬ್ರವರಿ ಕೊನೆಗೇ ಮೈತುಂಬ ಹೂಬಿಟ್ಟು, ಬಿಸು ಹೊತ್ತಿಗೆ ಉದ್ದುದ್ದ ಹಸಿರು ಕೋಡು ಇಳಿಬಿಟ್ಟು ನಿಂತಿತ್ತು. ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ, ಪ್ಲಾಸ್ಟಿಕ್ಕಿನದ್ದೂ ಸಿಗುತ್ತದೆ. ಪ್ಲಾಸ್ಟಿಕ್ ಅಂದದ್ದಕ್ಕೆ ಅಜ್ಜಿ ನಿನ್ನ ದೊಡ್ಡಪ್ಪನ ಹತ್ತಿರ ಒಂದು ದಿನ ಮಾತು ಬಿಟ್ಟಿದ್ದರು. ಕೊನೆಗೆ ಬದಿಯಡ್ಕ ದಾರಿಯಲ್ಲಿ ತಡವಾಗಿ ಹೂಬಿಟ್ಟ ಒಂದು ಮರ ಸಿಕ್ಕಿತು. ಅಳಿಯಂದಿರು ದೋಟಿ ಹಿಡಿದು ಎಳೆದರು. ಗೊಂಚಲಿನ ಜೊತೆ ಚಗಳಿ ಇರುವೆಯ ಗೂಡೂ ಬಂತು. ಮನೆಗೆ ಬರುವಾಗ ತಲೆಯೆಲ್ಲ ಹಳದಿ, ಕುತ್ತಿಗೆಯೆಲ್ಲ ಕೆಂಪು. "ಒಳ್ಳೆ ಮದುಮಗನ ಹಾಗೆ ಕಾಣ್ತೀರಿ" ಅಂತ ಅಜ್ಜಿ ಹೇಳಿದ್ದು ತಮಾಷೆಗಲ್ಲ ಅಳಿಯಂದಿರೇ, ಅವರಿಗೆ ನಿಜವಾಗಿಯೂ ಹಾಗೇ ಕಂಡಿತ್ತು.

ಕೊನ್ನೆಯ ತೊಂದರೆ ಏನೆಂದರೆ ಅದು ನಿಲ್ಲುವುದಿಲ್ಲ. ಮರದಲ್ಲಿರುವಾಗ ಚಿನ್ನದ ಸರ. ಕೊಯ್ದು ಒಳಗೆ ತಂದರೆ ರಾತ್ರಿ ಬೆಳಗಾಗುವಷ್ಟರಲ್ಲಿ ಎಸಳು ಉದುರಿ ಬರೀ ದಂಟು. ಅದಕ್ಕೇ ಅಜ್ಜಿ ಅರ್ಧ ಮೊಗ್ಗಿರುವ ಗೊಂಚಲನ್ನೇ ಆರಿಸಿದರು. ದಂಟಿನ ತುದಿ ನೀರಲ್ಲಿಟ್ಟು, ಮೇಲೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿದರು. ಕಣಿ ಇಡುವ ಅಗಲ ಪಾತ್ರೆ ಉರುಳಿಗೆ ಅದನ್ನು ಇಟ್ಟದ್ದು ಎಲ್ಲ ಮುಗಿದ ಮೇಲೆ, ರಾತ್ರಿ ಹನ್ನೊಂದಕ್ಕೆ.

ನೀವು ಆಗ ಮಲಗಿದ್ದಿರಿ. ಹುಳಿ ಮತ್ತು ಬೂದಿ ಹಾಕಿ ತಿಕ್ಕಿದ ಆ ಕಂಚಿನ ಉರುಳಿ ದೇವರ ಕೋಣೆಯ ಮಣೆಯ ಮೇಲೆ ಹೊಳೆಯುತ್ತಿತ್ತು. ಅದಕ್ಕೆ ಒಂದು ಸೇರು ಬೆಳ್ತಿಗೆ ಅಕ್ಕಿ, ಜುಟ್ಟಿರುವ ತೆಂಗಿನಕಾಯಿ, ನಡುವೆ ಹೊಟ್ಟೆ ತುಂಬಿದ ಹಳದಿ ಸೌತೆ. ಸುತ್ತ ಮಾವಿನಕಾಯಿ, ಎಳೆ ಹಲಸು, ಬೀಜ ಸಹಿತ ಎರಡು ಗೇರುಹಣ್ಣು, ಅಡಿಕೆ ವೀಳ್ಯದೆಲೆ, ಮಡಚಿದ ಹೊಸ ಬಟ್ಟೆ, ಅದರ ಮೇಲೆ ಅಜ್ಜಿಯ ಎರಡೆಳೆಯ ಸರ. ಹಿಂದುಗಡೆ ಕನ್ನಡಿ. ಕನ್ನಡಿ ನಿಲ್ಲಿಸುವುದೇ ದೊಡ್ಡ ಕೆಲಸ. ಸೌತೆಗೆ ಒರಗಿಸಿದರೆ ಸೌತೆ ಉರುಳುತ್ತದೆ, ಕನ್ನಡಿ ಅಡ್ಡ ಬೀಳುತ್ತದೆ. ಅಜ್ಜಿ ಸೌತೆಯ ಅಡಿಗೆ ಎರಡು ಸುಲಿಯದ ಅಡಿಕೆ ಸಿಕ್ಕಿಸಿ ನಿಲ್ಲಿಸಿದರು. ಆಮೇಲೆ ನನ್ನನ್ನು ಮುಂದೆ ಕೂರಿಸಿ, "ನಿನ್ನ ಮುಖ ಕಾಣ್ತದಾ? ದೀಪ ಕಾಣ್ತದಾ?" ಅಂತ ಕೇಳಿ ಕೇಳಿ ಓರೆ ಮಾಡಿದರು. ದೀಪವೂ ಕಾಣಬೇಕು, ದೀಪದ ಪಕ್ಕ ನೋಡುವವರ ಮುಖವೂ ಕಾಣಬೇಕು. ಬೆಳಕು ನೇರ ಕಣ್ಣಿಗೆ ಹೊಡೆಯಬಾರದು. ಐವತ್ತು ಸಲ ಬಿಸು ಕಂಡ ಕನ್ನಡಿ ಅದು, ಒಂದು ಮೂಲೆಯಲ್ಲಿ ಪಾದರಸ ಹೋಗಿದೆ.

"ಇನ್ನು ಬಾಬೆಗೆ ಹೇಗೆ?" ಅಂದರು. ಬಾಣಂತಿಯನ್ನು ನಸುಕಿಗೆ ಕೋಣೆಯಿಂದ ಎಬ್ಬಿಸಿ ತರುವುದು ಬೇಡ. ಉರುಳಿ ಎತ್ತಲು ಇಬ್ಬರು ಬೇಕು. ಏಳಲಾಗದವರಿಗೆ ಕಣಿಯನ್ನೇ ಹಾಸಿಗೆ ಹತ್ತಿರ ಒಯ್ಯುವುದು ಮೊದಲಿನಿಂದಲೂ ಇರುವ ಕ್ರಮ. ಬಾಬೆಗಾಗಿ ಅಜ್ಜಿ ಒಂದು ಸಣ್ಣ ಹರಿವಾಣ ತಂದು ಬೇರೆಯೇ ಕಣಿ ಮಾಡಿದರು. ಹಿಡಿ ಅಕ್ಕಿ, ಅಂಗೈಯಷ್ಟು ಒಂದು ಎಳೆ ಸೌತೆ, ಒಂದು ಗೊಂಚಲು ಕೊನ್ನೆ, ನಿನ್ನ ದೊಡ್ಡಪ್ಪ ಗಡ್ಡ ಹೆರೆಯುವ ಕನ್ನಡಿ. ಅದೇ ಉರುಳಿಯ ಮರಿ ಹಾಕಿದ ಹಾಗಿತ್ತು.

ಅಲ್ಲಿ ನಾನು ಬಾಯಿ ಹಾಕಿದೆ. ಟೀಚರ ಬುದ್ಧಿ, ಏನು ಮಾಡುವುದು.

"ಅಮ್ಮಾ, ಬಾಬೆಗೆ ಇದು ಯಾವುದೂ ಕಾಣುವುದಿಲ್ಲ" ಅಂದೆ. ತಿಂಗಳು ತುಂಬದ ಮಗುವಿಗೆ ಚೆನ್ನಾಗಿ ಕಾಣುವುದು ಒಂದು ಗೇಣು, ಜಾಸ್ತಿ ಅಂದರೆ ಒಂದೂಕಾಲು ಗೇಣು ದೂರ. 20ರಿಂದ 30 ಸೆಂಟಿಮೀಟರ್. ಅದರಾಚೆ ಎಲ್ಲ ಮಂಜು. ಹಳದಿ ಬಣ್ಣ ನಮಗೆ ಕಾಣುವ ಹಾಗೆ ಅದಕ್ಕೆ ಕಾಣಬೇಕಾದರೆ ಇನ್ನೂ ಎರಡು ಮೂರು ತಿಂಗಳು ಬೇಕು. ಬಿಳಿ ಅಕ್ಕಿಯ ಮೇಲೆ ಹಳದಿ ಹೂ ಇಟ್ಟರೆ ಅದಕ್ಕೆ ಹೂ ಯಾವುದು ಅಕ್ಕಿ ಯಾವುದು ಅಂತಲೇ ತಿಳಿಯದು. ಅದು ಹುಡುಕುವುದು ಕಪ್ಪು ಬಿಳುಪು ಸೇರುವ ಗಡಿಯನ್ನು, ಗೆರೆಯನ್ನು. ಮುಖ ನೋಡಿದರೂ ಕಣ್ಣು ಮೂಗು ನೋಡುವುದು ಕಡಿಮೆ. ಕೂದಲು ಮುಗಿದು ಹಣೆ ಶುರುವಾಗುವ ಅಂಚನ್ನೇ ನೋಡುತ್ತಾ ಇರುತ್ತದೆ.

ಅಜ್ಜಿ ಅಕ್ಕಿಯ ಮೇಲಿನ ಎಸಳು ಹೆಕ್ಕುತ್ತಾ ಎಲ್ಲ ಕೇಳಿದರು. ಆಮೇಲೆ, "ಕಾಣದಿದ್ದರೆ ತೋರಿಸುವುದು ಬಿಡ್ತೇವಾ? ಹಟ್ಟಿಯ ದನಕ್ಕೂ ಕಣಿ ತೋರಿಸ್ತೇವೆ. ಅದೇನು ನಿನ್ನ ಶಾಲೆಗೆ ಬಂದಿದೆಯಾ?" ಅಂದರು. ನಾನು ಹೋಗಿ ಮಲಗಿದೆ.

ಈಗ ಒಂದು ಗುಟ್ಟು. ರಾತ್ರಿ ಎರಡೂವರೆಗೆ ನನಗೆ ಎಚ್ಚರವಾಯಿತು. ಕೊನ್ನೆ ಉದುರಿತೋ ಅಂತ ನೋಡಲು ಎದ್ದವಳು ನಿನ್ನ ಕೋಣೆಯ ಮುಂದೆ ಬಂದೆ. ಬಾಗಿಲು ಅರ್ಧ ತೆರೆದಿತ್ತು, ಸಣ್ಣ ದೀಪ ಉರಿಯುತ್ತಿತ್ತು. ನೀನು ಗೋಡೆಗೆ ಒರಗಿ ಬಾಬೆಗೆ ಹಾಲು ಕೊಡುತ್ತಿದ್ದೆ. ನಿನ್ನ ಕಣ್ಣು ಮುಚ್ಚಿತ್ತು. ಬಾಬೆಯದ್ದು ಪೂರ್ತಿ ತೆರೆದಿತ್ತು. ನಿನ್ನ ಹಣೆಯ ಮೇಲೆ, ಬೈತಲೆಯ ಹತ್ತಿರ ಎಲ್ಲೋ ನೆಟ್ಟಿತ್ತು. ಎದೆಯಿಂದ ಮುಖಕ್ಕೆ ಒಂದು ಗೇಣು, ಒಂದೂಕಾಲು ಗೇಣು. ಸರಿಯಾಗಿ ಅಷ್ಟೇ. ಇಷ್ಟು ವರ್ಷ ಪುಸ್ತಕದಲ್ಲಿ ಓದಿದ ಆ ದೂರವನ್ನು ನಾನು ನಿಜವಾಗಿ ಕಂಡದ್ದು ಆಗ. ಬಿಸುವಿನ ದಿನ ಬಾಬೆ ಮೊದಲು ಕಂಡದ್ದು ನಿನ್ನನ್ನು, ಕೆದರಿದ ಕೂದಲಿನ, ಬಾಯಿ ತೆರೆದು ತೂಕಡಿಸುವ ನಿನ್ನನ್ನು. ಇದನ್ನು ನಾನು ಅಜ್ಜಿಗೆ ಹೇಳಿಲ್ಲ. ಹೇಳಿದರೂ ಅವರು ಒಪ್ಪುವುದಿಲ್ಲ. ಎರಡೂವರೆ ಗಂಟೆ ಹಿಂದಿನ ದಿನಕ್ಕೇ ಸೇರಿದ್ದು ಅನ್ನುತ್ತಾರೆ.

ನಾಲ್ಕೂಮುಕ್ಕಾಲಕ್ಕೆ ಮನೆ ಎದ್ದಿತು. ಅಜ್ಜಿ ಮೊದಲು ಎದ್ದು ದೀಪ ಹಚ್ಚಿ, ತಾವು ಕಣಿ ನೋಡಿ, ಆಮೇಲೆ ಒಬ್ಬೊಬ್ಬರನ್ನೇ ಕಣ್ಣು ಮುಚ್ಚಿ ಕರೆತಂದರು. ಅಳಿಯಂದಿರ ಕಣ್ಣು ಮುಚ್ಚಲು ಅಜ್ಜಿಯ ಕೈ ಎಟುಕದೆ ಅವರು ಬಗ್ಗಿ ನಡೆದರು. ಬಗ್ಗಿದ ತಲೆ ನೇರ ಚಾವಡಿಯ ಕಂಬಕ್ಕೆ. ಆ ಶಬ್ದಕ್ಕೆ ಬಾಬೆ ಎದ್ದೇಳುತ್ತದೆ ಅಂದುಕೊಂಡೆವು. ಏಳಲಿಲ್ಲ. ಕಣ್ಣು ಬಿಟ್ಟಾಗ ಅವರ ಮುಖ ನೋಡಬೇಕಿತ್ತು! ಕನ್ನಡಿಯಲ್ಲಿ ದೀಪ, ದೀಪದ ಪಕ್ಕ ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಬೋರೆ ಎದ್ದ ಹೊಸ ಅಪ್ಪ. ಒಂದು ನಿಮಿಷ ಏನೂ ಮಾತಾಡಲಿಲ್ಲ ಅವರು. ಆಮೇಲೆ, "ಇದೆಲ್ಲ ಮಗೂಗೆ ಕಾಣುತ್ತಾ ದೊಡ್ಡಮ್ಮ?" ಅಂತ ನನ್ನನ್ನೇ ಕೇಳಿದರು. ಅಜ್ಜಿ ನನ್ನ ಕಡೆ ಒಮ್ಮೆ ನೋಡಿದರು. "ಕಾಣ್ತದೆ" ಅಂದೆ.

ಆಮೇಲೆ ಕಾಯುವುದು ಶುರುವಾಯಿತು. ಹರಿವಾಣ ಹಿಡಿದು ಅಜ್ಜಿ ನಿನ್ನ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತರು. ನಿನ್ನ ಅಮ್ಮ ಬಾಗಿಲಲ್ಲಿ. ದೊಡ್ಡಪ್ಪ ದೂರದಲ್ಲಿ ದೀಪ ಹಿಡಿದುಕೊಂಡು. ಬಾಬೆ ಕಣ್ಣು ಬಿಟ್ಟ ಕೂಡಲೇ ಕಣಿ ತೋರಿಸಬೇಕು, ಬೇರೇನೂ ಕಾಣಬಾರದು. ಐದು ಗಂಟೆಯಾಯಿತು. ಬಾಬೆ ನಿದ್ದೆಯಲ್ಲೇ ತುಟಿ ಚೀಪಿತು. ಅಜ್ಜಿ ಹರಿವಾಣ ಎತ್ತಿದರು, ಇಳಿಸಿದರು. ಐದೂವರೆಯಾಯಿತು. ಬಾಬೆ ನಿದ್ದೆಯಲ್ಲೇ ನಕ್ಕಿತು. ಮತ್ತೆ ಎತ್ತಿದರು, ಇಳಿಸಿದರು. ಚಹಾ ಆರಿತು. ದೀಪಕ್ಕೆ ಎರಡು ಸಲ ಎಣ್ಣೆ ಹಾಕಿಯಾಯಿತು. ಹೊರಗೆ ನೆರೆಮನೆಯ ಪಟಾಕಿ ಶುರುವಾಯಿತು. ಅವರು ಮಲಯಾಳದವರು, ಅವರ ವಿಷು ಪಟಾಕಿ ಇಲ್ಲದೆ ಆಗುವುದಿಲ್ಲ. ಅದಕ್ಕೂ ಬಾಬೆ ಒಮ್ಮೆ ಎರಡೂ ಕೈ ಹರಡಿ ಬೆಚ್ಚಿ ಮತ್ತೆ ಮಲಗಿತು. ಅರವತ್ತು ವರ್ಷದಲ್ಲಿ ನಾನು ಕಂಡ ಕಣಿಗಳಲ್ಲಿ ಕಣಿಯೇ ಮನುಷ್ಯರಿಗೆ ಕಾದದ್ದು ಇದೊಂದೇ.

ಆರೂ ಹತ್ತಕ್ಕೆ ಮುಖ ಕಿವುಚಿತು. ಅತ್ತಿತು. ಇಷ್ಟು ಜೋರು ಅಳುತ್ತದೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಕಣ್ಣೀರು ಬರಲು ಇನ್ನೂ ಕೆಲವು ವಾರ ಬೇಕು ಅದಕ್ಕೆ. ನೀನು ಎತ್ತಿಕೊಂಡೆ. ಅಜ್ಜಿ ಹರಿವಾಣವನ್ನು ಹತ್ತಿರ ತಂದರು. ಇನ್ನೂ ಹತ್ತಿರ. ಕೈ ನಡುಗಿ ಅಕ್ಕಿ ಸರಿದು ಸೌತೆ ಒಂದು ಬದಿಗೆ ಉರುಳಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಅಜ್ಜಿಗೆ ಕಣ್ಣಿನ ಪೊರೆ ತೆಗೆದು ಮಸೂರ ಕೂರಿಸಿದ ಮೇಲೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ. ಗದ್ದೆಯಾಚೆ ನನ್ನ ಮನೆಗೆ ಯಾರು ಬಂದರು ಅಂತ ಅವರಿಗೆ ನನಗಿಂತ ಮೊದಲು ಗೊತ್ತಾಗುತ್ತದೆ. ಆದರೆ ಆ ಮಸೂರ ನಮ್ಮದರ ಹಾಗೆ ಉಬ್ಬಿ ಇಳಿಯುವುದಿಲ್ಲ, ದೂರಕ್ಕೆ ಇಟ್ಟದ್ದು ದೂರಕ್ಕೇ. ಹತ್ತಿರದ್ದು ಕಾಣಬೇಕಾದರೆ ಕನ್ನಡಕ ಬೇಕು. ಕನ್ನಡಕ ಹಾಕದೆ ಅವರಿಗೆ ಬಾಬೆಯ ಮುಖ ಬರೀ ಒಂದು ಬೆಳ್ಳಗಿನ ಉಂಡೆ. ಬಾಬೆಗೆ ಗೇಣಿನಾಚೆ ಕಾಣುವುದಿಲ್ಲ, ಅಜ್ಜಿಗೆ ಗೇಣಿನೊಳಗೆ ಕಾಣುವುದಿಲ್ಲ.

"ನನ್ನ ಕನ್ನಡಕ ಕೊಡು" ಅಂದರು ಅಜ್ಜಿ. ದಪ್ಪ ಕಪ್ಪು ಚೌಕಟ್ಟಿನ ಆ ಕನ್ನಡಕ. ನಾನು ಹಾಕಿದೆ. ಅವರು ಬಗ್ಗಿದರು. ಬಾಬೆ ಅಳು ನಿಲ್ಲಿಸಿತು.

ಕೊನ್ನೆ ನೋಡಲಿಲ್ಲ ಅದು. ಸೌತೆಯನ್ನೂ ನೋಡಲಿಲ್ಲ. ನೋಡಿದ್ದು ಅಜ್ಜಿಯ ಕನ್ನಡಕವನ್ನು! ಬೆಳ್ಳಿ ಕೂದಲು, ಬೆಳ್ಳಗಿನ ಹಣೆ, ಅದರ ನಡುವೆ ಎದ್ದು ಕಾಣುವ ಎರಡು ಕಪ್ಪು ಚೌಕ. ಅದಕ್ಕಿಂತ ಒಳ್ಳೆಯ ಗೆರೆ ಆ ಕೋಣೆಯಲ್ಲಿ ಬೇರೆ ಇರಲಿಲ್ಲ. ಎಡಗಡೆಯ ಚೌಕವನ್ನು ನೋಡಿತು. ನಿಧಾನವಾಗಿ ಕಣ್ಣು ಸರಿಸಿ ಬಲಗಡೆಯದ್ದನ್ನು ನೋಡಿತು. ಆ ಗಾಜಿನಲ್ಲಿ ದೊಡ್ಡಪ್ಪ ಹಿಡಿದ ದೀಪ ಎರಡು ಚುಕ್ಕಿಯಾಗಿ ಉರಿಯುತ್ತಿತ್ತು. "ಕಂಡಿತು, ಕಂಡಿತು" ಅಂತ ಅಜ್ಜಿ. ಅಜ್ಜಿಗೂ ಆ ಕನ್ನಡಕದಿಂದಲೇ ಬಾಬೆ ಕಂಡಿತು. ಹುಬ್ಬಿನ ಮೇಲೆ ಮಚ್ಚೆ ಇದೆ ಅಂತ 26 ದಿನದಲ್ಲಿ ಯಾರೂ ಕಾಣದ್ದನ್ನು ಅವರು ಅಲ್ಲೇ ಕಂಡುಹಿಡಿದರು.

ಆಮೇಲೆ ಕೈನೀಟ. ಮಲಯಾಳದ ಮಾತನ್ನೇ ನಾವು ಒಂಚೂರು ಸಣ್ಣ ಮಾಡಿ ಹೇಳುತ್ತೇವೆ. ಹಿರಿಯರು ಕೈ ನೀಡಿ ಕೊಡುವ ದುಡ್ಡು. ಅಜ್ಜಿ ಒಂದು ರೂಪಾಯಿ ನಾಣ್ಯ ತೆಗೆದು ಬಾಬೆಯ ಅಂಗೈಗೆ ಮುಟ್ಟಿಸಿದರು ಅಷ್ಟೇ. ಬಾಬೆ ಗಬಕ್ಕನೆ ಹಿಡಿಯಿತು. "ನೋಡು, ದುಡ್ಡು ಗೊತ್ತು ಇದಕ್ಕೆ!" ಅಂತ ದೊಡ್ಡಪ್ಪ. ಅಂಗೈಗೆ ಏನು ತಾಗಿದರೂ ಈ ಪ್ರಾಯದಲ್ಲಿ ಬೆರಳು ತಾನಾಗಿ ಮುಚ್ಚುತ್ತದೆ, ಐದಾರು ತಿಂಗಳಿಗೆ ಅದು ಹೋಗುತ್ತದೆ ಅಂತ ನಾನು ಹೇಳಲು ಹೊರಟೆ. ಅಜ್ಜಿಯ ಮುಖ ನೋಡಿ ಬಿಟ್ಟೆ. ನಾಣ್ಯ ಬಾಯಿಗೆ ಹೋದೀತು ಅಂತ ವಾಪಸ್ ತೆಗೆಯಲು ಹೋದರೆ ಬಾಬೆ ಬಿಡಬೇಕಲ್ಲ! ಅಳಿಯಂದಿರು ಎಳೆದರು. ನಿನ್ನ ಅಮ್ಮ ಒಂದೊಂದೇ ಬೆರಳು ಬಿಡಿಸಿದರೆ ಮೊದಲು ಬಿಡಿಸಿದ್ದು ಮತ್ತೆ ಮುಚ್ಚಿಕೊಂಡಿತು. ಕೊನೆಗೆ ಅಜ್ಜಿ ಮುಷ್ಟಿಯ ಬೆನ್ನನ್ನು ತಮ್ಮ ಹೆಬ್ಬೆರಳಲ್ಲಿ ಮೆಲ್ಲಗೆ ಸವರಿದರು. ಹೂ ಬಿರಿದ ಹಾಗೆ ಬಿಚ್ಚಿತು. ಯಾವ ಪುಸ್ತಕದಲ್ಲಿ ಓದಿದ್ದರೋ ಅವರು.

ಮಧ್ಯಾಹ್ನದ್ದು ಬರೆಯಲು ಹೋದರೆ ನಿನಗೆ ಬೇಜಾರಾದೀತು. ನಾವೆಲ್ಲ ಹಸಿ ಗೇರುಬೀಜ ತೊಂಡೆಕಾಯಿ ಪಲ್ಯ, ಹೆಸರುಬೇಳೆ ಪಾಯಸ ಹೊಡೆಯುವಾಗ ನಿನಗೆ ಕರಿಮೆಣಸಿನ ಸಾರು. ಪಲ್ಯದಲ್ಲಿ ಒಂದು ಗೇರುಬೀಜ ಅಳಿಯಂದಿರು ಕದ್ದು ನಿನ್ನ ಕೋಣೆಗೆ ತಂದದ್ದು ಎಲ್ಲರಿಗೂ ಗೊತ್ತಿತ್ತು.

ಆದರೆ ಅದಕ್ಕೆ ಮೊದಲು ಇನ್ನೊಂದು ಆಯಿತು. ಬಾಬೆಯ ಗದ್ದಲದಲ್ಲಿ ಹಟ್ಟಿಗೆ ಕಣಿ ಒಯ್ಯುವುದೇ ಮರೆತಿತ್ತು. ದನ ಕೂಗಿದ ಮೇಲೆ ಅಜ್ಜಿಗೆ ನೆನಪಾಯಿತು. "ಅಯ್ಯೋ, ಅದು ಕಾದಿದೆ!" ಅಂತ ಅದೇ ಸಣ್ಣ ಹರಿವಾಣ ಹಿಡಿದು ಓಡಿದರು, ಹಿಂದಿನಿಂದ ನಾನು. ಆಗ ಬಿಸಿಲು ಬಂದಿತ್ತು. ಅಜ್ಜಿ ಹರಿವಾಣವನ್ನು ದನದ ಮುಖದ ಹತ್ತಿರ ಹಿಡಿದರು. ಅದು ಕನ್ನಡಿಯಲ್ಲಿ ತನ್ನನ್ನು ಒಮ್ಮೆ ನೋಡಿಕೊಂಡಿತು. ಆಮೇಲೆ ನಾಲಿಗೆ ಚಾಚಿ, ಅಳಿಯಂದಿರು ಅಷ್ಟು ಚಗಳಿ ಕಚ್ಚಿಸಿಕೊಂಡು ತಂದ ಕೊನ್ನೆಯನ್ನು ದಂಟು ಸಹಿತ ಒಳಗೆ ಎಳೆದುಕೊಂಡಿತು. ನಾನು ಬಿಡಿಸಲು ಹೋದೆ.

"ಬಿಡು" ಅಂದರು ಅಜ್ಜಿ. "ಅದರ ಕಣಿ ಅದು ತಿಂತು."

— ದೊಡ್ಡಮ್ಮ